ಹಿಂಡು, ಗೊಂಚಲು, ಕಟ್ಟು, ರಾಶಿ: ಯಾವ ಗುಂಪಿಗೆ ಯಾವ ಪದ?

ನಾನು ಗಂಗಾವತಿ ಹತ್ತಿರದ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಜಾತ್ರೆ ಮುಗಿದ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಕೊಪ್ಪಳದ ಗವಿಮಠದ ಜಾತ್ರೆ ಬಗ್ಗೆ ಬರೆದು ತಂದಿದ್ದಳು. ಅವಳು ಬರೆದದ್ದು ಹೀಗಿತ್ತು:

"ನಾವು ಟ್ರ್ಯಾಕ್ಟರ್‌ನಲ್ಲಿ ಜಾತ್ರೆಗೆ ಹೋದೆವು. ದಾರಿಯಲ್ಲಿ ಕುರಿಗಳ ಗುಂಪು ಅಡ್ಡ ಬಂದವು. ಕೆರೆ ಮೇಲೆ ಬೆಳ್ಳಕ್ಕಿಗಳ ಗುಂಪು ಹಾರುತ್ತಿದ್ದವು. ಹೊಲದಲ್ಲಿ ಸೊಪ್ಪೆಯ ದೊಡ್ಡ ಗುಂಪು ಇತ್ತು. ಮಠದಲ್ಲಿ ರೊಟ್ಟಿಯ ಗುಂಪು ನೋಡಿದೆವು. ಡೊಳ್ಳು ಬಾರಿಸುವವರ ಗುಂಪು ಬಂದರು. ಅಪ್ಪ ದ್ರಾಕ್ಷಿ ಗುಂಪು ಕೊಡಿಸಿದ. ಅವ್ವ ಕೊತ್ತಂಬರಿ ಎರಡು ಗುಂಪುಗಳನ್ನು ತಗೊಂಡಳು."

ಏಳು ಸಲ ಗುಂಪು. ಈ ಹುಡುಗಿ ಮನೆಯಲ್ಲಿ ಯಾವತ್ತೂ "ಕೊತ್ತಂಬರಿ ಗುಂಪು" ಅಂದವಳಲ್ಲ. ಸಂತೆಯಲ್ಲಿ ಕಟ್ಟು ಅಂತಲೇ ಕೇಳುತ್ತಾಳೆ. ಬರೆಯಲು ಕೂತಾಗ ಮಾತ್ರ ಆ ಪದ ಮರೆಯಾಗುತ್ತದೆ. ಅವಳ ಹತ್ತಿರ ಇದ್ದ ಗೈಡಿನಲ್ಲಿ ಇಂಗ್ಲಿಷಿನ ಫ್ಲಾಕ್, ಪ್ಯಾಕ್, ಬಂಚ್ ಮೂರಕ್ಕೂ "ಗುಂಪು" ಅಂತ ಒಂದೇ ಅರ್ಥ ಕೊಟ್ಟಿದ್ದರು. ಅವಳು ಅದನ್ನೇ ಕಲಿತಿದ್ದಳು. ಆ ಒಂದು ಪುಟವನ್ನು ನಾವಿಬ್ಬರೂ ಕೂತು ತಿದ್ದಿದೆವು. ತಿದ್ದುವಾಗ ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇವನ್ನು ಒಟ್ಟಿಗೆ ಹಿಡಿದಿರುವುದು ಏನು?

ಪದ ಹುಡುಕುವ ಮೊದಲು ಈ ಒಂದು ಪ್ರಶ್ನೆ ಕೇಳಿ. ಇಂಗ್ಲಿಷ್ ಪದದಿಂದ ಶುರು ಮಾಡಬೇಡಿ, ವಸ್ತುವನ್ನು ನೋಡಿ. ಕನ್ನಡದಲ್ಲಿ ಗುಂಪಿನ ಪದಗಳು ಬಹುಪಾಲು ಇದನ್ನೇ ಹೇಳುತ್ತವೆ: ಇವು ಹೇಗೆ ಒಂದಾದವು?

ತಾವೇ ಕಾಲಿನಿಂದಲೋ ರೆಕ್ಕೆಯಿಂದಲೋ ಕೂಡಿ ಹೊರಟವಾದರೆ ಹಿಂಡು. ಒಂದೇ ತೊಟ್ಟಿಗೆ ಹತ್ತಿಕೊಂಡು ಬೆಳೆದವಾದರೆ ಗೊಂಚಲು, ಇಲ್ಲವೇ ಗೊನೆ. ಮನುಷ್ಯನ ಕೈ ಸೇರಿಸಿ ಬಿಗಿದದ್ದಾದರೆ ಕಟ್ಟು, ಸಿವುಡು, ಹೊರೆ, ಕಂತೆ. ಸುರಿದದ್ದು ಅಥವಾ ಒಟ್ಟಿದ್ದಾದರೆ ರಾಶಿ, ಗುಡ್ಡೆ, ಬಣವೆ. ಈ ನಾಲ್ಕರಲ್ಲಿ ಯಾವ ಮನೆಯದು ಅಂತ ಗೊತ್ತಾದರೆ ಅರ್ಧ ಕೆಲಸ ಆಯ್ತು. ಆಮೇಲೆ ಆ ಮನೆಯೊಳಗೆ ಸರಿಯಾದ ಪದ ಆರಿಸಬೇಕು.

ಇಂಗ್ಲಿಷಿನ ಪ್ಯಾಕ್ ಅನ್ನೇ ತಗೊಳ್ಳಿ. ತೋಳಗಳ ಪ್ಯಾಕ್, ಇಸ್ಪೀಟಿನ ಪ್ಯಾಕ್, ಸುಳ್ಳಿನ ಪ್ಯಾಕ್. ಅಲ್ಲಿ ಮೂರಕ್ಕೂ ಒಂದೇ ಪದ. ನಮ್ಮ ಪ್ರಶ್ನೆ ಕೇಳಿ ನೋಡಿ. ತೋಳಗಳು ತಾವೇ ಕೂಡಿದವು, ಅದು ಹಿಂಡು. ಇಸ್ಪೀಟು 52 ಎಲೆಗಳನ್ನು ಜೋಡಿಸಿ ಕಟ್ಟಿದ್ದು, ಅದು ಇಸ್ಪೀಟ್ ಕಟ್ಟು. ಬೀಡಿಯದೂ ಹಾಗೆ, ಬೀಡಿ ಕಟ್ಟು. ಸುಳ್ಳನ್ನು ಒಂದರ ಮೇಲೊಂದು ಸೇರಿಸಿ ಬಿಗಿದರೆ ಸುಳ್ಳಿನ ಕಂತೆ. ಒಂದು ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಮೂರು ಪದ. ಗೈಡ್ ಬರೆದವರು ತಪ್ಪಿದ್ದು ಇಲ್ಲೇ.

ಹಿಂಡು: ನಡೆಯುವ, ಹಾರುವ ಜೀವಗಳಿಗೆ

ಕುರಿ, ಮೇಕೆ, ದನ, ಎಮ್ಮೆ, ಆನೆ, ಜಿಂಕೆ, ತೋಳ, ನಾಯಿ, ಹಕ್ಕಿ, ಮೀನು ಎಲ್ಲಕ್ಕೂ ಹಿಂಡು ನಡೆಯುತ್ತದೆ. ಇಂಗ್ಲಿಷಿನಲ್ಲಿ ಕುರಿಗೆ ಒಂದು, ದನಕ್ಕೆ ಇನ್ನೊಂದು, ತೋಳಕ್ಕೆ ಮತ್ತೊಂದು, ಮೀನಿಗೆ ಮಗದೊಂದು ಪದ ಇದೆ. ನಾವು ಅಷ್ಟು ಒಡೆಯುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ಕನ್ನಡ ಸಲೀಸು. ಕೈಯಿಂದ ಕಟ್ಟುವ, ಒಟ್ಟುವ ವಸ್ತುಗಳ ವಿಷಯಕ್ಕೆ ಬಂದಾಗ ನಮ್ಮದು ಬಲು ಸೂಕ್ಷ್ಮ.

ಹಿಂಡು ಹಳೆಯ ಪದ. ಹಳಗನ್ನಡದಲ್ಲಿ ಇದು ಪಿಂಡು. ಗಿಳಿ ಮತ್ತು ಪಿಂಡು ಸೇರಿದಾಗ ಪಕಾರ ವಕಾರವಾಗಿ ಗಿಳಿವಿಂಡು ಆಯಿತು. ಈಗಲೂ ಬರಹದಲ್ಲಿ ಗಿಳಿಗಳಿಗೆ ಅದನ್ನು ಬಳಸಬಹುದು, ಚೆಂದ ಇರುತ್ತದೆ. ಆದರೆ ಕಾಗೆವಿಂಡು, ಕೋಳಿವಿಂಡು ಅಂತೆಲ್ಲ ಹೊಸದಾಗಿ ಮಾಡಲು ಹೋಗಬೇಡಿ. ಅಲ್ಲಿ ಕಾಗೆಗಳ ಹಿಂಡು ಅಂದರೆ ಸಾಕು.

ನಮ್ಮ ಕಡೆಯವರು ಒಂದು ಜಾಗದಲ್ಲಿ ಎಚ್ಚರ ಇರಬೇಕು. ಇಲ್ಲಿ ಹಾಲು ಕರೆಯುವುದಕ್ಕೆ ಹಿಂಡುವುದು ಅನ್ನುತ್ತೇವೆ. "ಎಮ್ಮೆ ಹಿಂಡು" ಅಂತ ಬರೆದರೆ ಓದುವವರಿಗೆ "ಎಮ್ಮೆಯ ಹಾಲು ಕರಿ" ಅಂತ ಯಾರಿಗೋ ಹೇಳಿದ ಹಾಗೆ ಕೇಳುತ್ತದೆ. ಹಾಲು ಕೊಡುವ ಪ್ರಾಣಿಗಳಿಗೆ "ಎಮ್ಮೆಗಳ ಹಿಂಡು", "ಆಕಳುಗಳ ಹಿಂಡು" ಅಂತ ಬಿಡಿಸಿ ಬರೆಯಿರಿ. ಕುರಿಗೆ ಆ ತೊಂದರೆ ಇಲ್ಲ, "ಕುರಿ ಹಿಂಡು" ಎಲ್ಲರಿಗೂ ತಿಳಿಯುತ್ತದೆ.

ಹಿಂಡು ಬೇರೆ, ಮಂದೆ ಬೇರೆಯೇ ಅಂತ ಮಕ್ಕಳು ಕೇಳುತ್ತಾರೆ. ಎರಡೂ ಕುರಿ-ದನಗಳಿಗೆ ಸಲ್ಲುತ್ತವೆ. ಮಂದೆ ಅಂದರೆ ಸಾಕಿದವು ಮಾತ್ರ, ಕಾಯುವವನು ಇರುವಂಥವು. ತೋಳಗಳ ಮಂದೆ, ಜಿಂಕೆಗಳ ಮಂದೆ ಅಂದರೆ ತಪ್ಪಾಗುತ್ತದೆ. ಹಿಂಡು ಸಾಕಿದ್ದಕ್ಕೂ ಆಗುತ್ತದೆ, ಕಾಡಿನದಕ್ಕೂ ಆಗುತ್ತದೆ. ಅನುಮಾನ ಬಂದಾಗ ಹಿಂಡು ಹಾಕಿದರೆ ತಪ್ಪುವುದಿಲ್ಲ.

ನಮ್ಮೂರಿನ ಹೊಲದಲ್ಲಿ ಒಮ್ಮೆ ಕುರಿ ನಿಲ್ಲಿಸಿದ್ದರು. ಗೊಬ್ಬರಕ್ಕೆ ಅಂತ ರಾತ್ರಿ ಹೊಲದಲ್ಲೇ ಕುರಿಗಳನ್ನು ತಂಗಿಸುವುದಕ್ಕೆ ಹಾಗೆ ಅನ್ನುತ್ತಾರೆ. ಸುಮ್ನೆ ಮಾತಿಗೆ ಅಂತ ಕುರಿ ಕಾಯುವ ತಾತನನ್ನು ಕೇಳಿದೆ: "ತಾತ, ಹಿಂಡಿನಾಗ ಎಷ್ಟು ಕುರಿ ಅದಾವ?" ಅವರು ಕೋಲು ತೋರಿಸಿ ತಿದ್ದಿದರು: "ಇದು ಒಂದು ಹಿಂಡಲ್ಲವ್ವ, ಮೂರು ಹಿಂಡು. ನಮ್ಮದೊಂದು, ನಮ್ಮ ತಮ್ಮಂದೊಂದು, ಬೀಗರದೊಂದು. ಮೇಯಾಕ ಕೂಡಿಸಿ ಬಿಟ್ಟೀವಿ." ನನ್ನ ಕಣ್ಣಿಗೆ ಅದು ಒಂದೇ ಕೆಂಪು-ಕಪ್ಪು ಮುದ್ದೆಯಾಗಿ ಕಂಡಿತ್ತು. ಅವರಿಗೆ ಹಿಂಡು ಅಂದರೆ ಒಡೆಯನ ಲೆಕ್ಕ. ಆದ್ದರಿಂದ ಕುರಿ ಸಾಕುವವರ ಮಾತನ್ನು ಬರೆಯುವಾಗ "ಮೂರು ಹಿಂಡು ಕೂಡಿ ಮೇಯುತ್ತಿದ್ದವು" ಅನ್ನುವುದು ಸರಿ. ದೂರದಿಂದ ನೋಡಿದವರು "ದೊಡ್ಡ ಹಿಂಡು" ಅಂದರೂ ತಪ್ಪಲ್ಲ. ಯಾರ ಕಣ್ಣಿನಿಂದ ಬರೆಯುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಎಲ್ಲ ಪ್ರಾಣಿಗೂ ಹಿಂಡು ಹಾಕಲೂ ಆಗದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಅಭಯಾರಣ್ಯ ಇದೆ. ತೋಳ ಕುಟುಂಬ ಕಟ್ಟಿಕೊಂಡು ಬದುಕುವ ಪ್ರಾಣಿ, ಹಾಗಾಗಿ ತೋಳಗಳ ಹಿಂಡು ಸರಿ. ಅದೇ ದರೋಜಿಯಲ್ಲಿ ಕರಡಿಗಳ ಅಭಯಾರಣ್ಯ ಇದೆ. ಕರಡಿ ಒಂಟಿಯಾಗಿ ತಿರುಗುತ್ತದೆ, ಇಲ್ಲವೇ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬರುತ್ತದೆ. ಅಲ್ಲಿ ಬಂಡೆ ಮೇಲೆ ಆರೇಳು ಕರಡಿ ಕಂಡರೂ ಅವು ಆಹಾರಕ್ಕೆ ಬಂದವು, ಕೂಡಿ ಬಾಳುವವಲ್ಲ. "ಕರಡಿ ಹಿಂಡು" ಅನ್ನುವ ಬದಲು "ಆರೇಳು ಕರಡಿಗಳು" ಅನ್ನಿ. ಗುಂಪಿನ ಪದ ಹಾಕಲೇಬೇಕು ಅಂತ ಏನೂ ಇಲ್ಲ. ಎಣಿಸಿ ಹೇಳಿದರೂ ಕನ್ನಡವೇ.

ಹಿಂಡಿನ ಬದಲು ಸಾಲು ಬರುವ ಕಡೆಯೂ ಇದೆ. ಬೆಳ್ಳಕ್ಕಿಗಳು ಸಂಜೆ ಗೂಡಿಗೆ ಮರಳುವಾಗ ಒಂದರ ಹಿಂದೊಂದು ಹಾರುತ್ತವೆ. ಅದನ್ನು ಬೆಳ್ಳಕ್ಕಿ ಸಾಲು ಅನ್ನುತ್ತೇವೆ. ಅವೇ ಬೆಳ್ಳಕ್ಕಿಗಳು ಗದ್ದೆಯಲ್ಲಿ ಚದುರಿ ಹುಳ ಹೆಕ್ಕುತ್ತಿದ್ದರೆ ಅದು ಸಾಲಲ್ಲ, ಹಿಂಡು. ಇರುವೆಗೂ ಸಾಲು. ಮಿಡತೆಗೆ ಮಾತ್ರ ದಂಡು, ಯಾಕಂದರೆ ಅವು ದಾಳಿಗೆ ಬಂದ ಸೈನ್ಯದ ಹಾಗೆ ಬರುತ್ತವೆ.

ಗೊಂಚಲು ಮತ್ತು ಗೊನೆ: ತೊಟ್ಟನ್ನು ನೋಡಿ

ಬಂಚ್ ಅನ್ನುವ ಪದ ಬಂದಾಗ ಮಕ್ಕಳು ಜಾಸ್ತಿ ತಪ್ಪುತ್ತಾರೆ. ದ್ರಾಕ್ಷಿಗೂ ಬಂಚ್, ಬಾಳೆಗೂ ಬಂಚ್, ಹೂವಿಗೂ, ಕೊತ್ತಂಬರಿಗೂ, ಕೀಲಿಗೂ ಬಂಚ್. ಇಲ್ಲಿ ತೊಟ್ಟು ಇದೆಯೇ ಅಂತ ನೋಡಬೇಕು. ಇದ್ದರೆ ಅದು ಗಿಡದ್ದೇ ತೊಟ್ಟೋ, ಮನುಷ್ಯ ಕಟ್ಟಿದ ದಾರವೋ?

ದ್ರಾಕ್ಷಿಯ ತೊಟ್ಟು ಗಿಡದ್ದೇ, ಸಣ್ಣದು. ಅದರಿಂದ ಕವಲು ಒಡೆದು ಹಣ್ಣು ಜೋತುಬೀಳುತ್ತದೆ. ಇದು ಗೊಂಚಲು. ಮಾವಿನಕಾಯಿ, ನೇರಳೆ, ಗಿಡದಲ್ಲಿರುವ ಹೂವು ಎಲ್ಲವೂ ಹೀಗೆಯೇ.

ಬಾಳೆಯದು ದಪ್ಪ ದಿಂಡು. ಸುತ್ತ ಹಂತಹಂತವಾಗಿ ಕಾಯಿ ಕೂತಿರುತ್ತದೆ. ಒಂದು ಗಿಡಕ್ಕೆ ಒಂದೇ ಸಲ ಬಿಡುತ್ತದೆ, ಪೂರ್ತಿ ಕಡಿದೇ ಇಳಿಸಬೇಕು. ಅದು ಗೊನೆ. ತೆಂಗು, ಅಡಿಕೆ, ಈಚಲಿಗೂ ಗೊನೆ. ಆದರೆ ಅಂಗಡಿಯಲ್ಲಿ ನಾವು ಕೊಳ್ಳುವುದು ಗೊನೆ ಅಲ್ಲ. ಗೊನೆಯ ಒಂದು ಹಂತವನ್ನು ಬಿಡಿಸಿದರೆ ಸಿಗುವುದು ಚಿಪ್ಪು. "ಅವ್ವ ಒಂದು ಗೊನೆ ಬಾಳೆಹಣ್ಣು ತಂದಳು" ಅಂತ ಬರೆದರೆ ಮದುವೆ ಮನೆಗೆ ತಂದಳೋ ಏನೋ ಅನ್ನಿಸುತ್ತದೆ. ಮನೆಗೆ ತಂದದ್ದಾದರೆ ಒಂದು ಚಿಪ್ಪು, ಇಲ್ಲವೇ ಒಂದು ಡಜನ್.

ಕೀಲಿಗೆ ಏನು? ಕೀಲಿಗಳು ಗಿಡದಲ್ಲಿ ಬೆಳೆಯುವುದಿಲ್ಲ. ಆದರೂ ಕೀಲಿ ಗೊಂಚಲು ಅನ್ನುತ್ತೇವೆ. ಬಳೆಯಂಥ ಒಂದು ಉಂಗುರಕ್ಕೆ ಜೋತುಬಿದ್ದಿರುತ್ತವೆ, ಉಂಗುರವೇ ತೊಟ್ಟು. ಕಣ್ಣಿಗೆ ದ್ರಾಕ್ಷಿಯ ಹಾಗೇ ಕಾಣುತ್ತದೆ, ಅಲ್ವಾ?

ಹೂವಿನದು ಸ್ವಲ್ಪ ಬೇರೆ. ಗಿಡದಲ್ಲಿದ್ದರೆ ಗೊಂಚಲು. ಸಮಾರಂಭದಲ್ಲಿ ಕೈಗೆ ಕೊಡುವುದು ಹೂಗುಚ್ಛ. ದಾರದಲ್ಲಿ ಪೋಣಿಸಿದ್ದು, ಕಟ್ಟಿದ್ದು ಮಾಲೆ. ಮಾರುವಾಗ ಇವು ಯಾವುದೂ ಇಲ್ಲ, ಮೊಳ ಮತ್ತು ಮಾರು. ಹೂವಿನವರ ಹತ್ತಿರ "ಎರಡು ಮೊಳ ಮಲ್ಲಿಗೆ ಕೊಡ್ರಿ" ಅಂತಲೇ ಕೇಳುವುದು.

ಕಟ್ಟಿದ್ದಕ್ಕೆ: ಎಷ್ಟು ದೊಡ್ಡದು, ಯಾರು ಹೊರುತ್ತಾರೆ?

ಬೇಸಾಯದ ನಾಡಿನಲ್ಲಿ ಈ ಪದಗಳು ಒಂದರೊಳಗೊಂದು ಕೂತಿವೆ. ಹಿಂಗಾರಿ ಜೋಳದ ಒಂದು ಹೊಲವನ್ನು ಹಿಡಿದು ನೋಡಿದರೆ ಎಲ್ಲವೂ ಸಾಲಾಗಿ ಸಿಗುತ್ತವೆ.

ಕೊಯ್ದ ಜೋಳದ ದಂಟನ್ನು ತೋಳಿಗೆ ಸಿಗುವಷ್ಟು ಸೇರಿಸಿ, ಅದೇ ದಂಟಿನಿಂದಲೋ ಹುಲ್ಲಿನ ಹಗ್ಗದಿಂದಲೋ ಬಿಗಿಯುತ್ತಾರೆ. ಅದು ಸಿವುಡು. ಕೆಲವು ಊರಲ್ಲಿ ಸೂಡು. ಒಬ್ಬ ಮನುಷ್ಯ ತಲೆ ಮೇಲೆ ಹೊರುವಷ್ಟು ಕಟ್ಟಿದರೆ ಹೊರೆ. ಹುಲ್ಲಿನ ಹೊರೆ, ಕಟ್ಟಿಗೆ ಹೊರೆ ಎಲ್ಲರಿಗೂ ಗೊತ್ತು. ಹೊರುವುದರಿಂದಲೇ ಹೊರೆ, ಪದದಲ್ಲೇ ಕೆಲಸ ಇದೆ. ತೆನೆ ಮುರಿದು ಉಳಿದ ಒಣ ಸೊಪ್ಪೆಯನ್ನು ವರ್ಷಪೂರ್ತಿ ದನಕ್ಕೆ ಆಗಲಿ ಅಂತ ಎತ್ತರಕ್ಕೆ ಒಟ್ಟಿದರೆ ಬಣವೆ. ಮಾತಿನಲ್ಲಿ ಬಣವಿ. ಹಳೇ ಮೈಸೂರಿನ ಕಡೆಯವರು ಇದಕ್ಕೆ ಮೆದೆ ಅನ್ನುತ್ತಾರೆ. ಕಣದಲ್ಲಿ ಕಾಳು ಬೇರೆ ಮಾಡಿ ಸುರಿದರೆ ರಾಶಿ. ನಮ್ಮಲ್ಲಿ ಒಕ್ಕುವ ಕೆಲಸಕ್ಕೇ "ರಾಶಿ ಮಾಡೋದು" ಅನ್ನುತ್ತೇವೆ.

ಹಾಗಾಗಿ ಸೊಪ್ಪೆಗೆ ರಾಶಿ ಅಂದರೆ ರೈತರ ಕಿವಿಗೆ ಒಗ್ಗುವುದಿಲ್ಲ. ರಾಶಿ ಸುರಿದದ್ದು, ಬಣವೆ ಜೋಡಿಸಿ ಒಟ್ಟಿದ್ದು. ಮಳೆ ಬಂದರೆ ನೀರು ಇಳಿದು ಹೋಗುವ ಹಾಗೆ ಅದನ್ನು ಒಟ್ಟಬೇಕು, ಸುಮ್ನೆ ಚೆಲ್ಲಿದರೆ ಬಣವೆ ಆಗದು.

ಸಂತೆಯ ಸೊಪ್ಪಿಗೆ ಕಟ್ಟು ಅಂದರೆ ಎಲ್ಲ ಕಡೆ ನಡೆಯುತ್ತದೆ. ಸಿವುಡು ಅನ್ನುವ ಊರುಗಳೂ ಇವೆ. ನಿಮ್ಮ ಮನೆಯಲ್ಲಿ ಯಾವುದನ್ನು ಹೇಳುತ್ತೀರೋ ಅದನ್ನೇ ಬರೆಯಿರಿ. ಕಾಗದ ಮತ್ತು ನೋಟಿಗೆ ಕಂತೆ ಅಥವಾ ಕಟ್ಟು. ಟೊಮೆಟೊ, ಬದನೆಕಾಯಿಯನ್ನು ನೆಲದ ಮೇಲೆ ಸಣ್ಣಸಣ್ಣದಾಗಿ ಹಾಕಿ ಮಾರಿದರೆ ಗುಡ್ಡೆ. ಮರಗಳಿಗೆ ತೋಪು, ಬಿದಿರಿಗೆ ಮೆಳೆ, ಮುಳ್ಳುಗಿಡಕ್ಕೆ ಪೊದೆ, ಬೆಟ್ಟಕ್ಕೆ ಸಾಲು. ಇವಕ್ಕೆ ಹೆಚ್ಚು ವಿವರಣೆ ಬೇಡ.

ಮನುಷ್ಯರಿಗೆ: ಇಲ್ಲಿ ಗೌರವದ ಪ್ರಶ್ನೆ ಬರುತ್ತದೆ

ಗುಂಪು ಅನ್ನುವ ಪದದ ನಿಜವಾದ ಜಾಗ ಇದು. ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿ ಮುಂದೆ, ಯಾವ ಕೆಲಸವೂ ಇಲ್ಲದೆ ನಿಂತ ಜನ ಗುಂಪು. ಒಂದು ಕೆಲಸಕ್ಕೆ ಅಂತ ಕೂಡಿದವರು ತಂಡ: ಆಟದ ತಂಡ, ಸರ್ವೆ ಮಾಡಲು ಬಂದ ತಂಡ. ಹಾಡು, ಕುಣಿತ, ವಾದ್ಯದವರು ಮೇಳ: ಭಜನಾ ಮೇಳ, ಡೊಳ್ಳಿನ ಮೇಳ, ಬಯಲಾಟದ ಮೇಳ. ಬಯಲಾಟದಲ್ಲಿ ಹಿಂದೆ ನಿಂತು ಹಾಡುವವರು ಹಿಮ್ಮೇಳ. ಹೆಸರು ಬರೆಸಿ, ಲೆಕ್ಕದ ಪುಸ್ತಕ ಇಟ್ಟು ನಡೆಸುವವರು ಸಂಘ.

ಮನುಷ್ಯರಿಗೆ ಹಿಂಡು, ಮಂದೆ ಹಾಕಿದರೆ ಅವಮಾನ ಆಗುತ್ತದೆ. "ಕುರಿಮಂದೆ ಹಾಗೆ ಹಿಂದೆ ಹೋದರು" ಅನ್ನುವುದು ಬೈಗುಳ. ಚಿಕ್ಕ ಮಕ್ಕಳಿಗೆ ಮಾತ್ರ "ಮಕ್ಕಳ ಹಿಂಡು" ಅಂದರೆ ಪ್ರೀತಿ ಇರುತ್ತದೆ. ದೊಡ್ಡವರಿಗೆ ಬೇಡ.

ಇಂಗ್ಲಿಷಿನಲ್ಲಿ ಕಾಗೆಗಳಿಗೆ ಕೊಲೆ ಅನ್ನುವ ಅರ್ಥದ ಪದ, ಸಿಂಹಗಳಿಗೆ ಹೆಮ್ಮೆ ಅನ್ನುವ ಅರ್ಥದ ಪದ ಇವೆ. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ, ಬೇಟೆ ಕುರಿತ ಪುಸ್ತಕವೊಂದರಲ್ಲಿ ಇಂಥ ಪದಗಳ ದೊಡ್ಡ ಪಟ್ಟಿ ಇದೆ. ಅದರಿಂದಲೇ ಇವು ಹರಡಿದವು. ಅವನ್ನು ಕನ್ನಡಕ್ಕೆ ತರುವಾಗ ಪದಕ್ಕೆ ಪದ ಇಟ್ಟು "ಸಿಂಹಗಳ ಹೆಮ್ಮೆ" ಅಂತ ಬರೆದರೆ ಅರ್ಥವೇ ಹೋಗುತ್ತದೆ. ಎರಡಕ್ಕೂ ಹಿಂಡು ಸಾಕು.

ಕೊನೆಗೆ: ಜೋಡಣೆ ಮತ್ತು ಕ್ರಿಯಾಪದ

ಸರಿಯಾದ ಪದ ಸಿಕ್ಕ ಮೇಲೂ ಎರಡು ಕಡೆ ಎಡವುತ್ತಾರೆ.

ಒಂದು, ಪದ ಮುಂದೆಯೋ ಹಿಂದೆಯೋ ಅನ್ನುವುದು. ಗುಂಪನ್ನೇ ಒಂದು ವಸ್ತುವಾಗಿ ಹೇಳುವಾಗ ಅದು ಹಿಂದೆ ಬರುತ್ತದೆ: "ಕೊತ್ತಂಬರಿ ಕಟ್ಟು ಬಾಡಿದೆ." ಎಣಿಸಿ ಹೇಳುವಾಗ ಅದು ಮುಂದೆ ಬರುತ್ತದೆ: "ಎರಡು ಕಟ್ಟು ಕೊತ್ತಂಬರಿ ಕೊಡಿ." ಎಣಿಸುವಾಗ ಕಟ್ಟಿಗೆ "ಗಳು" ಸೇರಿಸುವುದಿಲ್ಲ. "ಎರಡು ಕಟ್ಟುಗಳ ಕೊತ್ತಂಬರಿಗಳು" ಅಂತ ಸಂತೆಯಲ್ಲಿ ಯಾರೂ ಕೇಳುವುದಿಲ್ಲ, ಬರಹದಲ್ಲೂ ಬೇಡ.

ಇನ್ನೊಂದು ಕ್ರಿಯಾಪದ. ಹಿಂಡಿನಲ್ಲಿ ನೂರು ಕುರಿ ಇದ್ದರೂ ಹಿಂಡು ಒಂದೇ. ಆದ್ದರಿಂದ "ಹಿಂಡು ಬಂತು". ಮೇಳದಲ್ಲಿ ಮನುಷ್ಯರೇ ಇದ್ದರೂ "ಮೇಳ ಬಂತು", "ತಂಡ ಗೆದ್ದಿತು". "ತಂಡ ಗೆದ್ದರು" ಅಂತ ಈಗ ತುಂಬ ಕಡೆ ನೋಡುತ್ತೇನೆ. ಜನರನ್ನೇ ಹೇಳಬೇಕು ಅನ್ನಿಸಿದರೆ "ತಂಡದವರು ಗೆದ್ದರು" ಅನ್ನಿ, ಗೌರವವೂ ಉಳಿಯುತ್ತದೆ. ಅವರು ಬೇರೆಬೇರೆಯಾಗಿ ಏನಾದರೂ ಮಾಡಿದ್ದರೆ ಹೀಗೇ ಬರೆಯಬೇಕು: "ಮೇಳದವರು ಊಟ ಮಾಡಿ ತಮ್ಮತಮ್ಮ ಊರಿಗೆ ಹೋದರು." ಇಲ್ಲಿ "ಮೇಳ ತಮ್ಮತಮ್ಮ ಊರಿಗೆ ಹೋಯಿತು" ಅನ್ನಲು ಬರುವುದಿಲ್ಲ.

ಆ ಪುಟಕ್ಕೆ ಮರಳಿ

ಹುಡುಗಿಗೆ ಉತ್ತರ ಹೇಳಲಿಲ್ಲ. ಒಂದೊಂದು ವಾಕ್ಯಕ್ಕೂ ಅದೇ ಪ್ರಶ್ನೆ ಕೇಳಿದೆ. ಕುರಿ, ಬೆಳ್ಳಕ್ಕಿ, ಸೊಪ್ಪೆ, ದ್ರಾಕ್ಷಿ, ಕೊತ್ತಂಬರಿ ಐದನ್ನೂ ಅವಳೇ ಪಟಪಟ ಹೇಳಿದಳು. ಡೊಳ್ಳಿನವರಿಗೆ ಮೊದಲು ತಂಡ ಅಂದಳು, ತಾನೇ ಮೇಳ ಅಂತ ತಿದ್ದಿಕೊಂಡಳು. ಸಿಕ್ಕಿಬಿದ್ದದ್ದು ರೊಟ್ಟಿಯಲ್ಲಿ.

ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತದೆ. ಮನೆಮನೆಯಲ್ಲಿ ಬಡಿದು, ಒಣಗಿಸಿ, ದಾಸೋಹಕ್ಕೆ ಕಳಿಸುತ್ತಾರೆ. "ರಾಶಿ ಅಲ್ಲೇನ್ರಿ ಟೀಚರ್?" ಅಂದಳು. "ನೀನು ಹೆಂಗ ನೋಡಿದಿ? ಸುರಿದಿದ್ರೋ, ಒಂದರ ಮ್ಯಾಲ ಒಂದು ಇಟ್ಟಿದ್ರೋ?" ಅಂತ ಕೇಳಿದೆ. ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಟ್ರ್ಯಾಕ್ಟರ್‌ನಾಗ ತಂದು ಸುರುವಿದ್ದು ರಾಶಿ ಇತ್ರಿ. ಬಡಸೋರ ಹತ್ರ ಬುಟ್ಟಿಯೊಳಗ ಜೋಡಿಸಿ ಇಟ್ಟಿದ್ರು." ಜೋಡಿಸಿಟ್ಟದ್ದಕ್ಕೆ ಅಟ್ಟಿ ಅನ್ನುವ ಪದ ಇದೆ ಅಂತ ಹೇಳಿದೆ. ಒಂದೇ ರೊಟ್ಟಿಗೆ ಒಂದೇ ಮಠದಲ್ಲಿ ಎರಡು ಪದ ಬೇಕಾಯಿತು. ಅವಳು ತಿದ್ದಿ ಬರೆದದ್ದು ಇದು:

"ನಾವು ಟ್ರ್ಯಾಕ್ಟರ್‌ನಲ್ಲಿ ಜಾತ್ರೆಗೆ ಹೋದೆವು. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಕೆರೆ ಮೇಲೆ ಬೆಳ್ಳಕ್ಕಿ ಸಾಲು ಹಾರುತ್ತಿತ್ತು. ಹೊಲದಲ್ಲಿ ಸೊಪ್ಪೆಯ ದೊಡ್ಡ ಬಣವೆ ಇತ್ತು. ಮಠದಲ್ಲಿ ರೊಟ್ಟಿಯ ರಾಶಿ ನೋಡಿದೆವು. ಬಡಿಸುವವರ ಬುಟ್ಟಿಯಲ್ಲಿ ರೊಟ್ಟಿಯ ಅಟ್ಟಿ ಇತ್ತು. ಡೊಳ್ಳಿನ ಮೇಳ ಬಂತು. ಅಪ್ಪ ಒಂದು ಗೊಂಚಲು ದ್ರಾಕ್ಷಿ ಕೊಡಿಸಿದ. ಅವ್ವ ಎರಡು ಕಟ್ಟು ಕೊತ್ತಂಬರಿ ತಗೊಂಡಳು."

ಬರೆದು ಮುಗಿಸಿ ಒಂದು ಸಲ ಓದಿ, ಪೆನ್ನು ಎತ್ತಿಕೊಂಡು ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದಳು: "ತೇರಿನ ಮುಂದೆ ಜನರ ಗುಂಪು ಇತ್ತು, ನನಗೆ ತೇರು ಕಾಣಲಿಲ್ಲ."